ಐವತ್ತರಲ್ಲಿ ಮತ್ತೆ ತೆರೆದ ಗದಾಯುದ್ಧ

ಹೋದ ಡಿಸೆಂಬರ್‌ನ ಒಂದು ರಾತ್ರಿ. ಹತ್ತನೇ ಇಯತ್ತೆ ಓದುವ ಮಗಳು ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಕನ್ನಡ ಪದ್ಯ ಬಾಯಿಪಾಠ ಮಾಡುತ್ತಿದ್ದಳು. ಅವಳಮ್ಮ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸಪ್ಪಳಕ್ಕೂ ಪದ್ಯದ ತಾಳಕ್ಕೂ ಹೇಗೋ ಹೊಂದಿಕೆಯಾಗಿತ್ತು. 'ನೆಲಕಿಱಿವೆನೆಂದು ಬಗೆದಿರೆ, ಚಲಕಿಱಿವೆಂ' ಅಂತ ಶುರುವಾಗುವ ರನ್ನನ ಪದ್ಯ ಅದು. ನಾಲ್ಕನೇ ಸಾಲಿಗೆ ಬಂದು ನಿಂತಳು.

"ಅಪ್ಪಾ, ಕೊಲಿಸಿದ ಅಂದ್ರ ಕೊಂದ ಅಂತನಾ?"

"ಕೊಂದ ಅಲ್ಲವ್ವ. ಕೊಲ್ಲಿಸಿದ."

"ಯಾರು ಕೊಲ್ಲಿಸಿದ್ದು?"

"ನೆಲ."

"ನೆಲ ಹೆಂಗ ಕೊಲ್ಲಿಸ್ತೈತಿ?"

ನನಗೆ ತಕ್ಷಣ ಉತ್ತರ ಬರಲಿಲ್ಲ. ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದವನು ನಾನು. ಈ ಪದ್ಯವನ್ನು ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವನು. ಆದರೆ ಆ 'ಕೊಲಿಸಿದ' ಅನ್ನುವ ಕ್ರಿಯಾಪದದ ಮುಂದೆ ಒಂದು ಕ್ಷಣವೂ ನಿಂತಿರಲಿಲ್ಲ. ಅವತ್ತು ಊಟ ಆದಮೇಲೆ ಅಟ್ಟದ ಪೆಟ್ಟಿಗೆಯಿಂದ ಹಳೆಯ ಗದಾಯುದ್ಧವನ್ನು ಹುಡುಕಿ ತೆಗೆದೆ. ಜನವರಿ ಪೂರ್ತಿ ಅದನ್ನೇ ಓದಿದೆ. ದಿನಕ್ಕೆ ನಾಲ್ಕೈದು ಪದ್ಯ, ಅಷ್ಟೇ.

ನಡುವಯಸ್ಸಿನಲ್ಲಿ ಯಾವ ಹಳೆಯ ಪುಸ್ತಕ ಮತ್ತೆ ಓದಬೇಕು ಅಂತ ಗೆಳೆಯರು ಆಗಾಗ ಕೇಳುತ್ತಾರೆ. ನನ್ನ ಉತ್ತರ ಇದೊಂದೇ ಕಾವ್ಯದ ಸುತ್ತ ಇದೆ. ಬೇರೆ ಕೆಲವನ್ನೂ ಈ ಎರಡು ಮೂರು ವರ್ಷದಲ್ಲಿ ತೆಗೆದು ನೋಡಿದ್ದೇನೆ. 'ಮರಳಿ ಮಣ್ಣಿಗೆ' ಓದಿದಾಗ ಹಿಂದೆ ಕಣ್ಣಿಗೇ ಬೀಳದಿದ್ದ ಪಾರೋತಿ, ಸರಸೋತಿ ಈಗ ಮನೆ ತುಂಬ ಓಡಾಡಿದರು. ಪಟ್ಟಣ ಸುತ್ತಿ ಬರುವ ರಾಮನಿಗಿಂತ ಮನೆ ಹಿಡಿದುಕೊಂಡು ಕೂತ ಆ ಹೆಂಗಸರೇ ದೊಡ್ಡವರಾಗಿ ಕಂಡರು. ಬಸವಣ್ಣನ 'ನೆರೆ ಕೆನ್ನೆಗೆ, ತೆರೆ ಗಲ್ಲಕೆ' ವಚನವನ್ನು ಚಿಕ್ಕವರಿದ್ದಾಗ ರಾಗ ಹಾಕಿ ಹಾಡಿದ್ದೇವೆ. ಈಗ ಅದರಲ್ಲಿ 'ಅನ್ಯರಿಗೆ ಹಂಗಾಗದ ಮುನ್ನ' ಅನ್ನುವ ಮಾತು ಬಂದಾಗ ದನಿ ತಾನೇ ಇಳಿಯುತ್ತದೆ. ಇವೆಲ್ಲ ನಿಜ. ಆದರೆ ನನ್ನ ಕಾಲರ್ ಹಿಡಿದು ಕೂರಿಸಿದ್ದು ಗದಾಯುದ್ಧ. ಅದಕ್ಕೆ ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ರನ್ನ ನಮ್ಮ ಜಿಲ್ಲೆಯವನು. ಬಾಗಲಕೋಟೆಯಿಂದ ಬಸ್ ಹತ್ತಿದರೆ ಮುಧೋಳ ದೂರವೇನಲ್ಲ. ಆಗ ಅದರ ಹೆಸರು ಮುದುವೊಳಲು. ಅಲ್ಲಿ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ. ಅಪ್ಪ ಜಿನವಲ್ಲಭ, ಅವ್ವ ಅಬ್ಬಲಬ್ಬೆ. ಬಳೆ ಮಾರುವ ಮನೆಯ ಹುಡುಗ ಶ್ರವಣಬೆಳಗೊಳದವರೆಗೆ ಹೋಗಿ ಅಜಿತಸೇನಾಚಾರ್ಯರ ಹತ್ತಿರ ಓದಿದ. ಆಮೇಲೆ ಚಾಲುಕ್ಯರ ಆಸ್ಥಾನ ಸೇರಿ ಕವಿಚಕ್ರವರ್ತಿ ಅನ್ನಿಸಿಕೊಂಡ. ಗದಾಯುದ್ಧದ ಇನ್ನೊಂದು ಹೆಸರು ಸಾಹಸಭೀಮವಿಜಯ. ಚಾಲುಕ್ಯರ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಹೋಲಿಸಿ ಬರೆದದ್ದು. ಅಂದರೆ ಕಾಗದದ ಮೇಲೆ ನಾಯಕ ಭೀಮ. ಓದುತ್ತ ಹೋದರೆ ಮನಸ್ಸು ಹಿಡಿಯುವವನು ದುರ್ಯೋಧನ. ಇದನ್ನು ವಿಮರ್ಶಕರು ಬಹಳ ಹಿಂದೆಯೇ ಹೇಳಿದ್ದಾರೆ. ನಮ್ಮ ಮೇಷ್ಟ್ರೂ ಹೇಳಿದ್ದರು. ನಾವೂ ಬರೆದುಕೊಂಡಿದ್ದೆವು.

ಹಾಗೆ ಬರೆದುಕೊಂಡದ್ದು ನನ್ನ ಪ್ರತಿಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಇನ್ನೂ ಹಾಗೇ ಇದೆ. ಇಪ್ಪತ್ತರ ನಾನು ಏನೇನು ಓದಿದ್ದೆ ಅನ್ನುವುದಕ್ಕೆ ಅದೇ ಸಾಕ್ಷಿ. ವೈಶಂಪಾಯನ ಸರೋವರದ ಪದ್ಯಕ್ಕೆ ಮೂರು ಗೆರೆ ಎಳೆದಿದ್ದೇನೆ. ಭೀಮನ ಕೂಗು ಕೇಳಿ 'ನೀರೊಳಗಿರ್ದುಂ ಬೆಮರ್ದನುರಗಪತಾಕಂ' ಅಂತ ಬರುತ್ತಲ್ಲ, ನೀರಿನೊಳಗೆ ಇದ್ದರೂ ದುರ್ಯೋಧನ ಬೆವರಿದ ಅಂತ, ಆ ಪದ್ಯ. ತರಗತಿಯಲ್ಲಿ ಮೇಷ್ಟ್ರು ಅದನ್ನು ಹೇಳಿದಾಗ ನಾವು ಬೆಂಚು ಬಡಿದಿದ್ದೆವು. ಭೀಮ ದ್ರೌಪದಿಗೆ ಕೊಡುವ ಮಾತಿಗೆ ಎರಡು ಗೆರೆ. ಆದರೆ ನಡುವೆ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆಯುತ್ತ ಹೋಗುವ ಭಾಗ ಇದೆ. ಅಲ್ಲಿ ಒಂದು ಪದ್ಯದ ಪಕ್ಕ 'ಕರುಣರಸ, 5 ಅಂಕ' ಅಂತ ಬರೆದಿದ್ದೇನೆ. ಅಷ್ಟೇ. ಉಳಿದ ಪುಟಗಳು ಸ್ವಚ್ಛ.

ಈ ಸಲ ಆ ಸ್ವಚ್ಛ ಪುಟಗಳಲ್ಲೇ ತಿಂಗಳು ಕಳೆಯಿತು.

ಕಥೆ ಗೊತ್ತಿರುವುದೇ. ಯುದ್ಧ ಮುಗಿಯುತ್ತ ಬಂದಿದೆ. ಕರ್ಣನೂ ಹೋದ. ಧೃತರಾಷ್ಟ್ರ, ಗಾಂಧಾರಿ ಇಬ್ಬರೂ ಬಂದು ಮಗನ ಮುಂದೆ ಕೂತು, ಹೋದವರು ಹೋದರು, ನೀನೊಬ್ಬ ಉಳಿ, ಪಾಂಡವರ ಜೊತೆ ರಾಜಿ ಮಾಡಿಕೋ ಅಂತ ಬೇಡುತ್ತಾರೆ. ಅವನು ಒಪ್ಪುವುದಿಲ್ಲ. ಅಜ್ಜ ಭೀಷ್ಮನನ್ನು ಕಂಡು ಬರುತ್ತೇನೆ ಅಂತ ಹೊರಡುತ್ತಾನೆ. ಭೀಷ್ಮ ಶರಶಯ್ಯೆಯ ಮೇಲಿದ್ದಾನೆ. ಅಲ್ಲಿಗೆ ಹೋಗಬೇಕೆಂದರೆ ಹೆಣಗಳ ನಡುವೆಯೇ ದಾರಿ. ಮುರಿದ ರಥ, ಸತ್ತ ಆನೆ, ರಕ್ತದ ಕೆಸರು. ಅಂಥದರಲ್ಲಿ ಕಾಲು ಜಾರಿಸುತ್ತ, ಸಂಜಯನ ಆಸರೆಯಲ್ಲಿ ನಡೆಯುತ್ತಾನೆ. ದಾರಿಯಲ್ಲಿ ಒಬ್ಬೊಬ್ಬರೇ ಸಿಗುತ್ತಾರೆ. ಗುರು ದ್ರೋಣ. ಆಮೇಲೆ ಶತ್ರುವಿನ ಮಗ ಅಭಿಮನ್ಯು. ಆಮೇಲೆ ಸ್ವಂತ ಮಗ ಲಕ್ಷಣಕುಮಾರ. ಆಮೇಲೆ ತಮ್ಮ ದುಶ್ಶಾಸನ. ಆಮೇಲೆ ಗೆಳೆಯ ಕರ್ಣ. ಕೊನೆಗೆ ಅಜ್ಜ.

ಇಪ್ಪತ್ತರಲ್ಲಿ ಇದು ನನಗೆ ಸುಮ್ನೆ ಒಂದು ಪಟ್ಟಿ. ಯಾಕೆಂದರೆ ಆ ವಯಸ್ಸಿಗೆ ನನ್ನವರು ಅಂತ ಯಾರೂ ಸತ್ತಿರಲಿಲ್ಲ. ಈಗ ನನ್ನ ಫೋನಿನಲ್ಲೇ ಏಳೆಂಟು ನಂಬರುಗಳಿವೆ. ಮಾಡಿದರೆ ಎತ್ತುವವರಿಲ್ಲ, ಅಳಿಸಲು ಕೈ ಬಾರದು. ಐವತ್ತರ ಹೊತ್ತಿಗೆ ಪ್ರತಿಯೊಬ್ಬನೂ ಈ ದಾರಿಯಲ್ಲಿ ಸ್ವಲ್ಪ ದೂರ ನಡೆದಿರುತ್ತಾನೆ, ಅಲ್ವಾ?

ಮಗನ ಹೆಣದ ಮುಂದೆ ನಿಂತು ಅವನು ಹೇಳುವ ಪದ್ಯ ಇದು:

ಜನಕಂಗೆ ಜಲಾಂಜಲಿಯಂ
ತನೂಭವಂ ಕುಡುವುದುಚಿತಮದುಗೆಟ್ಟೀಗಳ್
ನಿನಗಾಂ ಕುಡುವಂತಾದುದೆ
ತನೂಜ ನೀಂ ಕ್ರಮವಿಪರ್ಯಯಂ ಮಾಡುವುದೇ

ಅಪ್ಪನಿಗೆ ಮಗ ತರ್ಪಣದ ನೀರು ಬಿಡುವುದು ಸರಿ. ಅದು ಕೆಟ್ಟು ಈಗ ನಿನಗೆ ನಾನು ಬಿಡುವಂತಾಯಿತೇ? ಮಗನೇ, ನೀನು ಹೀಗೆ ಕ್ರಮ ತಪ್ಪಿಸುವುದೇ? ಅರ್ಥ ಇಷ್ಟೇ. 'ಕರುಣರಸ, 5 ಅಂಕ' ಅಂತ ನಾನು ಬರೆದಿದ್ದು ಇದರ ಪಕ್ಕವೇ. ಆದರೆ ಕೊನೆಯ ಪದ ನೋಡಿ. 'ಮಾಡುವುದೇ'. ಇದು ಅಳುವಿನ ದನಿ ಅಲ್ಲ. ಬೈಯುವ ದನಿ. ಶಾಲೆಯಿಂದ ತಡವಾಗಿ ಬಂದ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುವ ದನಿ.

ಇದು ನನಗೆ ಪುಸ್ತಕದಿಂದ ತಿಳಿಯಲಿಲ್ಲ. ಆರು ವರ್ಷದ ಹಿಂದೆ ನಮ್ಮ ಸಂಬಂಧದ ಕಾಕಾ ಒಬ್ಬರ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ಇಪ್ಪತ್ತಾರು ವಯಸ್ಸು. ನಮ್ಮಲ್ಲಿ ಮಣ್ಣು ಮಾಡುತ್ತಾರೆ. ಅಪ್ಪನಿಗೆ ಮಗ ಹಿಡಿ ಮಣ್ಣು ಹಾಕಬೇಕು, ಅದು ರೂಢಿ. ಅವತ್ತು ಕಾಕಾ ಕುಣಿಯ ಅಂಚಿನಲ್ಲಿ ಮಣ್ಣು ಹಿಡಿದುಕೊಂಡು ನಿಂತರು. ಅಳಲಿಲ್ಲ. ಬಗ್ಗಿ ನೋಡಿ, "ಎಷ್ಟ್ ಸಲ ಹೇಳೇನಿ ನಿನಗ ಹೆಲ್ಮೆಟ್ ಹಾಕ್ಕೊ ಅಂತ? ಕೇಳ್ತಿಯೇನ್ ಒಂದ್ ಮಾತ?" ಅಂದರು. ಜೋರಾಗಿ ಅಂದರು. ಸುತ್ತ ನಿಂತವರು ತಲೆ ತಗ್ಗಿಸಿದರು. ಆಮೇಲೆ ಮಣ್ಣು ಬಿಟ್ಟರು. ಈಗ ಆ ಪದ್ಯ ಓದಿದರೆ ಕಿವಿಯಲ್ಲಿ ಅವರ ದನಿಯೇ ಬರುತ್ತದೆ. ಸಾವಿರ ವರ್ಷದ ಹಿಂದೆ ಮುಧೋಳದ ಈ ಕವಿ ಯಾವ ಅಪ್ಪನ ಬಾಯಿಂದ ಆ 'ಮಾಡುವುದೇ' ಕೇಳಿಸಿಕೊಂಡಿದ್ದನೋ!

ಪದ್ಯದೊಳಗಿನ ಇನ್ನೊಂದು ಸಂಗತಿಯೂ ಈಗಷ್ಟೇ ಕಂಡಿತು. 'ತನೂಭವ' ಅಂದರೂ ಮಗ, 'ತನೂಜ' ಅಂದರೂ ಮಗ. ಎರಡರ ಅರ್ಥವೂ ಮೈಯಿಂದ ಹುಟ್ಟಿದವನು ಅಂತಲೇ. ಎರಡನೇ ಸಾಲಿನ 'ತನೂಭವಂ' ಲೋಕದ ಮಾತು, ಯಾರ ಮಗನಾದರೂ ಆಗಬಹುದು. ನಾಲ್ಕನೇ ಸಾಲಿನ 'ತನೂಜ' ಕರೆಯುವ ಮಾತು, ಈ ಮಗನೇ. ನಿಯಮ ಹೇಳುತ್ತ ಹೊರಟವನು ಎರಡು ಸಾಲು ದಾಟುವಷ್ಟರಲ್ಲಿ ಸ್ವಂತ ಮಗನನ್ನು ಕೂಗುತ್ತಾನೆ.

ಇದಕ್ಕೂ ಸ್ವಲ್ಪ ಮೊದಲೇ ಅಭಿಮನ್ಯುವಿನ ಹೆಣ ನೋಡಿ ಕೈಮುಗಿದಿದ್ದಾನೆ. ನಿನ್ನಂಥ ಪರಾಕ್ರಮ ಬೇರೆಯವರಿಗೆ ಆಗದು, ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಒಪ್ಪುವ ಸಾವು ನನಗೆ ಬರಲಿ ಅಂತ ಬೇಡುತ್ತಾನೆ. ಶತ್ರುವಿನ ಮಗನನ್ನು ಹೊಗಳಿದ ದೊಡ್ಡಗುಣ ಅಂತ ನೋಟ್ಸಿನಲ್ಲಿತ್ತು. ದೊಡ್ಡಗುಣವೇ. ಆದರೆ ಆ ಹುಡುಗನನ್ನು ಹಲವು ಜನ ಸೇರಿ ಸುತ್ತುವರಿದು ಕೊಂದದ್ದು ಇವನ ಸೈನ್ಯವೇ. ಹೊಗಳಿಕೆಯಲ್ಲಿ ಆ ಮಾತಿಲ್ಲ. ಈ ಗುಣ ನನಗೆ ಪರಿಚಯ ಇದೆ. ನಾವು ಮಾಡಿದ ಪೆಟ್ಟನ್ನು ಮರೆತು, ಪೆಟ್ಟು ತಿಂದವನನ್ನು ಮನಸಾರೆ ಹೊಗಳುವುದು.

ಇಲ್ಲಿ ಓದುವ ರೀತಿಯ ಬಗ್ಗೆ ಸ್ವಲ್ಪ ಹೇಳಬೇಕು. ಹಳಗನ್ನಡ ಅಂದ ಕೂಡಲೇ ಬಹಳ ಜನ ಹಿಂದೆ ಸರಿಯುತ್ತಾರೆ. ಗದಾಯುದ್ಧ ಹತ್ತು ಆಶ್ವಾಸದ ಚಂಪೂಕಾವ್ಯ. ಅದರಲ್ಲಿ ಗದ್ಯ ಇದೆ, ಸಂಸ್ಕೃತದ ದೊಡ್ಡ ದೊಡ್ಡ ವೃತ್ತಗಳಿವೆ, ಪುಟ್ಟ ಕಂದಪದ್ಯಗಳಿವೆ. ಮೊದಲ ಪುಟದಿಂದ ಹಿಡಿದು ಓದಲು ಹೋದರೆ ಸುಸ್ತಾಗುವುದು ಖಂಡಿತ. ಕವಿಯ ಸ್ತುತಿ, ರಾಜನ ಹೊಗಳಿಕೆ, ಸಮಾಸದ ಮೇಲೆ ಸಮಾಸ. ನಾನು ಅವನ್ನೆಲ್ಲ ಬಿಟ್ಟೆ. ಬಿಟ್ಟದ್ದಕ್ಕೆ ನನಗೆ ಬೇಸರವಿಲ್ಲ. ದುರ್ಯೋಧನ ಅಪ್ಪ ಅವ್ವನ ಮಾತು ಕೇಳುವಲ್ಲಿಂದ ಶುರು ಮಾಡಿದೆ. ಗದ್ಯಾನುವಾದ ಇರುವ ಆವೃತ್ತಿ ಸಿಕ್ಕರೆ ಒಳ್ಳೆಯದು. ಆದರೆ ಅನುವಾದ ಮೊದಲು ಓದಬಾರದು. ಮೊದಲು ಪದ್ಯವನ್ನು ಗಟ್ಟಿಯಾಗಿ ಎರಡು ಸಲ ಹೇಳಬೇಕು. ಕಂದಕ್ಕೆ ನಾಲ್ಕು ಮಾತ್ರೆಯ ಹೆಜ್ಜೆ. ಒಂದನೇ ಸಾಲಿಗೆ ಮೂರು ಹೆಜ್ಜೆ, ಎರಡನೆಯದಕ್ಕೆ ಐದು, ಮತ್ತೆ ಮೂರು, ಮತ್ತೆ ಐದು. ಜನಕಂ, ಗೆಜಲಾಂ, ಜಲಿಯಂ. ಹೀಗೆ ತಟ್ಟಿಕೊಂಡು ಹೇಳಿದರೆ ಪದಗಳು ತಾವೇ ಬಿಡಿಸಿಕೊಳ್ಳುತ್ತವೆ. 'ಱ' ಬಂದಲ್ಲಿ ರ ಅನ್ನಿ. 'ೞ' ಬಂದಲ್ಲಿ ಳ ಅನ್ನಿ. ಪದದ ಮೊದಲಿನ ಪ ಬಹಳ ಕಡೆ ನಮ್ಮ ಹ. ಪಾೞ್ ಅಂದರೆ ಹಾಳು, ಪುಟ್ಟು ಅಂದರೆ ಹುಟ್ಟು. ಇಷ್ಟು ತಿಳಿದರೆ ಕಂದಪದ್ಯಗಳಲ್ಲಿ ಅರ್ಧ ದಾರಿ ಬಂದ ಹಾಗೆ. ಎಲ್ಲ ತಿಳಿದ ಮೇಲೆ ಅನುವಾದ ನೋಡಿ, ಮತ್ತೊಮ್ಮೆ ಪದ್ಯಕ್ಕೆ ಬರಬೇಕು. ಕಣ್ಣಿನಲ್ಲಿ ಓದಿದಾಗ ನನಗೂ ಏನೂ ಆಗಲಿಲ್ಲ. ಬಾಯಿಗೆ ಬಂದ ಮೇಲೆಯೇ 'ಮಾಡುವುದೇ' ಬೈಗುಳ ಅಂತ ಗೊತ್ತಾದದ್ದು.

ಕರ್ಣನ ಮುಂದೆ ಹೇಳುವ ಕಂದವನ್ನೂ ಹೀಗೆ ಬಾಯಲ್ಲಿ ಹೇಳಿ ನೋಡಿ:

ಆನುಂ ದುಶ್ಶಾಸನನುಂ
ನೀನುಂ ಮೂವರೆ ದಲಾತನುಂ ಕೞಿದ ಬೞಿ
ಕ್ಕಾನುಂ ನೀನೆ ದಲೀಗಳ್
ನೀನುಮಗಲ್ದೆತ್ತ ವೋದೆಯಂಗಾಧಿಪತೀ

ನಾನು, ದುಶ್ಶಾಸನ, ನೀನು, ಮೂವರೇ ಇದ್ದದ್ದು. ಅವನು ಹೋದ ಮೇಲೆ ನಾನು, ನೀನು. ಈಗ ನೀನೂ ಬಿಟ್ಟು ಎತ್ತ ಹೋದೆ? ಒಂದೂ ಉಪಮೆ ಇಲ್ಲ, ಒಂದೂ ಅಲಂಕಾರ ಇಲ್ಲ. ಬರೀ ಲೆಕ್ಕ. ಮೂರು, ಎರಡು, ಒಂದು. ಹನ್ನೊಂದು ಅಕ್ಷೋಹಿಣಿ ಸೈನ್ಯ ಇದ್ದವನು, ನೂರು ಜನ ತಮ್ಮಂದಿರಿದ್ದವನು, ತನ್ನವರು ಅಂತ ಎಣಿಸಿದರೆ ಮೂವರೇ. ಕಾಲೇಜಿನಲ್ಲಿ ನಾವು ಹದಿನಾಲ್ಕು ಜನ ಗೆಳೆಯರು. ಕೈಬೆರಳಲ್ಲಿ ಎಣಿಸುವಷ್ಟೇ ಅಂತ ಯಾರಾದರೂ ಆಗ ಹೇಳಿದ್ದರೆ ನಗುತ್ತಿದ್ದೆ. ಮೂರು ವರ್ಷದ ಹಿಂದೆ ನನ್ನ ಆ 'ಮೂವರೆ' ಲೆಕ್ಕದಲ್ಲಿದ್ದ ಒಬ್ಬ, ಹೃದಯಾಘಾತವಾಗಿ ವಿಜಯಪುರದ ದಾರಿಯಲ್ಲಿ, ಕಾರಿನಲ್ಲೇ ಹೋದ. ಅವನ ಮನೆಗೆ ಹೋದಾಗ ನನಗೆ ಹೇಳಲು ಒಂದು ಮಾತೂ ಹೊಳೆಯಲಿಲ್ಲ. ಈ ಪದ್ಯ ಆಗ ನೆನಪಿದ್ದಿದ್ದರೆ ಅವನ ಫೋಟೋದ ಮುಂದೆ ನಿಂತು ಅಷ್ಟನ್ನೇ ಹೇಳಿ ಬರುತ್ತಿದ್ದೆ.

ಈಗ ಮಗಳ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಮೊದಲು ನನ್ನ ಕಾರಣವನ್ನೂ ಹೇಳಬೇಕು.

ನಮ್ಮ ಊರಿನ ಹೊಲ ಘಟಪ್ರಭೆಯ ದಂಡೆಯಲ್ಲಿತ್ತು. ಆರು ಎಕರೆ ಕರಿ ಮಣ್ಣು, ಒಂದು ಕಲ್ಲು ಕಟ್ಟಿದ ಬಾವಿ, ಬಾವಿ ದಂಡೆಯಲ್ಲಿ ಒಂದು ಬೇವಿನಮರ. ಆಲಮಟ್ಟಿಯ ಹಿನ್ನೀರು ಬಂದಾಗ ಹೊಲ ಮುಳುಗಡೆಗೆ ಹೋಯಿತು. ನಮ್ಮ ಕಡೆ ಮುಳುಗಡೆ ಅನ್ನುವ ಪದಕ್ಕೆ ಅರ್ಥ ಹೇಳಬೇಕಿಲ್ಲ. ಅಣೆಕಟ್ಟಿನ ನೀರು 519.60 ಮೀಟರ್ ಅನ್ನುವುದು ಇಲ್ಲಿಯ ಸಣ್ಣ ಹುಡುಗರಿಗೂ ಗೊತ್ತು. ಅದನ್ನು 524ಕ್ಕೆ ಏರಿಸುವ ಮಾತು ಬಂದರೆ ಚಹಾದಂಗಡಿಯಲ್ಲಿ ಎಲ್ಲರ ಮುಖ ತಿರುಗುತ್ತದೆ. ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಎದ್ದು ನವನಗರಕ್ಕೆ ಬಂದವು. ನಾವೂ ಬಂದೆವು. ಪರಿಹಾರ ಬಂತು. ಆಮೇಲೆ ಹೆಚ್ಚುವರಿ ಪರಿಹಾರಕ್ಕೆ ಹೋರಾಡಿ ಅದೂ ಬಂತು.

ಆ ಎರಡನೇ ದುಡ್ಡಿನ ಪಾಲಿನಲ್ಲಿ ನನಗೂ ನನ್ನ ತಮ್ಮನಿಗೂ ಮಾತು ಬೆಳೆಯಿತು. ಮೊತ್ತ ದೊಡ್ಡದೇನಲ್ಲ. ಕೋರ್ಟಿಗೆ ತಿರುಗಿ ಹೆಂಗೂ ಕೆಲವು ವರ್ಷದಲ್ಲಿ ಅಷ್ಟನ್ನು ಇಬ್ಬರೂ ಖರ್ಚು ಮಾಡಿದೆವು. ಅವನು ಹಿರಿಯರ ಮುಂದೆ ಒಂದು ಮಾತು ಅಂದಿದ್ದ. "ಅಣ್ಣ ಓದಿದಾಂವ, ಲೆಕ್ಕ ಅವನ ಕೈಯಾಗ ಐತಿ" ಅಂದ. ಅಷ್ಟೇ. ಕಳ್ಳ ಅನ್ನಲಿಲ್ಲ. ಆದರೆ ನನಗೆ ಹಾಗೇ ಕೇಳಿಸಿತು. ಒಂಬತ್ತು ವರ್ಷ ಮಾತು ಬಿಟ್ಟೆವು. ಹಿರಿಯರು ಮೂರು ಸಲ ಕೂಡಿಸಿದರು. ಮೂರು ಸಲವೂ ನಾನು ಹೇಳಿದ್ದು ಒಂದೇ ಮಾತು: "ದುಡ್ಡಿನ ಪ್ರಶ್ನೆ ಅಲ್ರಿ ಇದು. ನಾ ದುಡ್ಡಿಗೆ ಹೋರಾಡಾಕತ್ತಿಲ್ಲ."

ಹಾಗಾದರೆ ಯಾತಕ್ಕೆ? ಆ ಉತ್ತರವೇ ಮಗಳು ಬಾಯಿಪಾಠ ಮಾಡುತ್ತಿದ್ದ ಪದ್ಯದಲ್ಲಿತ್ತು. ದುರ್ಯೋಧನ ಭೀಷ್ಮನ ಮುಂದೆ ನಿಂತು ಹೇಳುವುದು ಅದು:

ನೆಲಕಿಱಿವೆನೆಂದು ಬಗೆದಿರೆ
ಚಲಕಿಱಿವೆಂ ಪಾಂಡುಸುತರೊಳೀ ನೆಲನಿದು ಪಾೞ್
ನೆಲನೆನಗೆ ದಿನಪಸುತನಂ
ಕೊಲಿಸಿದ ನೆಲನೊಡನೆ ಮತ್ತೆ ಪುದುವಾೞ್ದಪೆನೇ

ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರೇನು? ಚಲಕ್ಕಾಗಿ ಹೋರಾಡುತ್ತೇನೆ. ಈ ನೆಲ ನನಗೆ ಹಾಳು ನೆಲ. ಕರ್ಣನನ್ನು ಕೊಲ್ಲಿಸಿದ ಈ ನೆಲದ ಜೊತೆ ಮತ್ತೆ ಕೂಡಿ ಬಾಳುತ್ತೇನೆಯೇ? ಇಪ್ಪತ್ತರಲ್ಲಿ ಇದು ನನಗೆ ಮೈ ಜುಮ್ಮೆನ್ನುವ ಮಾತು. ಪಂಪ ಆಗಲೇ 'ಚಲದೊಳ್ ದುರ್ಯೋಧನಂ' ಅಂತ ಹೇಳಿಬಿಟ್ಟಿದ್ದ. ಚಲ ಅನ್ನುವುದು ಅವನ ಕಿರೀಟ ಅಂತಲೇ ನಾವು ತಿಳಿದದ್ದು.

ಪ್ರಾಸ ನೋಡಿ. ಕಂದದಲ್ಲಿ ನಾಲ್ಕೂ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ ಇರಬೇಕು. ಇಲ್ಲಿ ಅದು ಲ. ನಾಲ್ಕು ಸಾಲಿನ ಮೊದಲನ್ನಷ್ಟೇ ಓದಿಕೊಳ್ಳಿ: ನೆಲ, ಚಲ, ನೆಲ, ಕೊಲಿ. ಕವಿ ಪ್ರಾಸಕ್ಕೆ ಹುಡುಕಿದ ಪದಗಳೇ ಇಡೀ ಭಾರತದ ಕಥೆ ಹೇಳಿ ಮುಗಿಸಿವೆ. ನೆಲದಿಂದ ಚಲ, ಚಲದಿಂದ ಮತ್ತೆ ನೆಲ, ಕೊನೆಗೆ ಕೊಲೆ. ದುರ್ಯೋಧನ ನೆಲ ಬೇರೆ, ಚಲ ಬೇರೆ ಅಂತ ವಾದಿಸುತ್ತಿದ್ದಾನೆ. ಅವನ ಬಾಯಲ್ಲಿ ಬರುವ ಪದ್ಯ ಎರಡನ್ನೂ ಒಂದೇ ದಾರದಲ್ಲಿ ಪೋಣಿಸುತ್ತಿದೆ.

ಆಮೇಲೆ ಆ 'ಕೊಲಿಸಿದ'. ಕರ್ಣನನ್ನು ಕೊಂದವನು ಅರ್ಜುನ. ಕೊಲ್ಲಿಸಿದವರು ಯಾರು? ನೆಲ, ಅನ್ನುತ್ತಾನೆ ದುರ್ಯೋಧನ. ರಣರಂಗದಲ್ಲಿ ಇಷ್ಟು ದೂರ ನಡೆದು ಬಂದಿದ್ದಾನೆ. ಮಗನ ಮುಖ ನೋಡಿದ್ದಾನೆ. ತಮ್ಮನ ಸೀಳಿದ ಎದೆ ನೋಡಿದ್ದಾನೆ. ಗೆಳೆಯನ ಹೆಣ ನೋಡಿದ್ದಾನೆ. ಅಷ್ಟೆಲ್ಲ ನೋಡಿದ ಮೇಲೆಯೂ 'ಕೊಲಿಸಿದ' ಅನ್ನುವ ಕ್ರಿಯಾಪದಕ್ಕೆ 'ನಾನು' ಅನ್ನುವ ಕರ್ತೃವನ್ನು ಇಡಲು ಅವನಿಂದ ಆಗುವುದಿಲ್ಲ. ಮಗಳು ಕೇಳಿದ್ದು ಅದನ್ನೇ. ನೆಲ ಹೇಗೆ ಕೊಲ್ಲಿಸುತ್ತದೆ? ಅದು ಸುಮ್ಮನೆ ಬಿದ್ದಿರುತ್ತದೆ.

ದುಃಖ ಮನುಷ್ಯನನ್ನು ಮೆತ್ತಗೆ ಮಾಡುತ್ತದೆ ಅಂತ ನಾನು ಎಣಿಸಿದ್ದೆ. ಅವನ ವಿಷಯದಲ್ಲಿ ಹಾಗೆ ಆಗಲಿಲ್ಲ. ಅವನಿಗೆ ಒಂದೊಂದು ಹೆಣವೂ ಮುಂದಿನ ಯುದ್ಧಕ್ಕೆ ಒಂದೊಂದು ಕಾರಣವಾಗುತ್ತದೆ. ಭೀಷ್ಮನ ಮುಂದೆಯೇ ಹೇಳುವ ಇನ್ನೊಂದು ಪದ್ಯದಲ್ಲಿ ಇದು ಇನ್ನೂ ಸ್ಪಷ್ಟ. 'ಪುಟ್ಟಿದ ನೂರ್ವರುಂ' ಹೋದರು, 'ಒಡವುಟ್ಟಿದ ನೂರ್ವರುಂ' ಹೋದರು, ಈಗ 'ಕೋಪಂ ಪುಟ್ಟಿ ಪೊದಳ್ದುದು' ಅನ್ನುತ್ತಾನೆ. ಹುಟ್ಟಿದ ನೂರು ಮಕ್ಕಳು, ಜೊತೆಗೆ ಹುಟ್ಟಿದ ನೂರು ಜನ, ಎಲ್ಲ ಅಡಗಿದ ಮನೆಯಲ್ಲಿ ಈಗ ಹುಟ್ಟಿ ಬೆಳೆಯುತ್ತಿರುವುದು ಕೋಪ. ಪುಟ್ಟು, ಪುಟ್ಟು, ಪುಟ್ಟು. ಮಕ್ಕಳಿಗೂ ಸಿಟ್ಟಿಗೂ ಒಂದೇ ಕ್ರಿಯಾಪದ. ಇಷ್ಟು ಭಯದ ಪದ್ಯವನ್ನು ನಾವು ಹುಡುಗರು ವೀರರಸ ಅಂತ ಬರೆದೆವು!

ಇದೇ ಮಾತಿನ ಮೊದಲಲ್ಲಿ ಅವನು ಭೀಷ್ಮನಿಗೆ, ನಿಮಗೆ ನಮಸ್ಕಾರ ಮಾಡಿ ಹೋಗಲು ಬಂದೆ, ಸಂಧಿ ಮಾಡಿಸಿಕೊಳ್ಳಲು ಬಂದೆನೇನು ಅಂತ ಕೇಳಿ, 'ಸಮರದೊಳೆನಗಜ್ಜ ಪೇೞಿಮಾವುದು ಕಜ್ಜಂ' ಅನ್ನುತ್ತಾನೆ. ಅಜ್ಜಾ, ಯುದ್ಧದಲ್ಲಿ ನಾನು ಮಾಡಬೇಕಾದ ಕೆಲಸ ಯಾವುದು ಹೇಳಿ. ಆ 'ಅಜ್ಜ' ಅನ್ನುವ ಪದದಲ್ಲಿ ನನ್ನ ಕಣ್ಣು ನಿಂತಿತು. ಚಕ್ರವರ್ತಿ ಆದವನು ಮೈತುಂಬ ಬಾಣ ನೆಟ್ಟುಕೊಂಡು ಮಲಗಿದ ಮುದುಕನ ಹತ್ತಿರ ನಿಂತು ಅಜ್ಜ ಅಂತಿದ್ದಾನೆ. ಅಜ್ಜ ಹೇಳಿದ್ದು ರಾಜಿ. ಮೊಮ್ಮಗ ಕೇಳಿದ್ದು ಅದನ್ನೊಂದು ಬಿಟ್ಟು ಬೇರೆ ಏನಾದರೂ. ನಾನೂ ಹಿರಿಯರ ಹತ್ತಿರ ಹೀಗೇ ಹೋಗುತ್ತಿದ್ದೆ. ಬುದ್ಧಿಮಾತು ಕೇಳಲು ಹೋಗುತ್ತಿದ್ದೆ. ಯಾವ ಬುದ್ಧಿಮಾತು ಹೇಳಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಂಡು ಹೋಗುತ್ತಿದ್ದೆ.

ನನ್ನ ಅವ್ವ ತೀರಿಕೊಂಡು ನಾಲ್ಕು ವರ್ಷ. ಕೊನೆಯ ಎರಡು ವರ್ಷ ಒಂದು ತಿಂಗಳು ನನ್ನ ಮನೆ, ಒಂದು ತಿಂಗಳು ತಮ್ಮನ ಮನೆ. ಒಂದು ಸೆಕ್ಟರಿನಿಂದ ಇನ್ನೊಂದು ಸೆಕ್ಟರಿಗೆ ಆಟೋದಲ್ಲಿ ಹೋಗುತ್ತಿದ್ದಳು. ನಾನು ಆಟೋ ಹತ್ತಿಸುತ್ತಿದ್ದೆ. ಅವನು ಇಳಿಸಿಕೊಳ್ಳುತ್ತಿದ್ದ. ಆಟೋದ ಒಳಗೆ ಕೂತು ಒಂದು ಸಲ, "ನನ್ನ ನೋಡಿಯರ ಒಂದಾಗ್ರಪ್ಪ" ಅಂದಿದ್ದಳು. ಗಾಂಧಾರಿ, ಧೃತರಾಷ್ಟ್ರರು ಮಗನ ಮುಂದೆ ಕೂತು ಬೇಡುವ ಭಾಗವನ್ನು ಈ ಸಲ ಒಂದೇ ರಾತ್ರಿಯಲ್ಲಿ ಓದಿ ಮುಗಿಸಲು ನನ್ನಿಂದ ಆಗಲಿಲ್ಲ. ಅಲ್ಲಿ ಪೆನ್ಸಿಲ್ ಗುರುತು ಒಂದೂ ಇಲ್ಲ. ಪರೀಕ್ಷೆಗೆ ಅದು ಬರುತ್ತಿರಲಿಲ್ಲ.

ದುಶ್ಶಾಸನನ ಮುಂದೆ ದುರ್ಯೋಧನ ಹೇಳುವ ಮಾತಿನ ಸಾರ ಹೀಗಿದೆ: ಅವ್ವನ ಹಾಲು ಮೊದಲು ನಾನು ಕುಡಿದೆ, ಆಮೇಲೆ ನೀನು. ಎಲ್ಲದರಲ್ಲೂ ನಾನು ಮುಂದೆ, ನೀನು ಹಿಂದೆ. ವಿನಯ ಮೀರಿದವನಲ್ಲ ನೀನು. ಸಾವಿನಲ್ಲಿ ಮಾತ್ರ ನನ್ನನ್ನು ದಾಟಿ ಮುಂದೆ ಹೋದೆ. ಇದನ್ನು ಓದುವಾಗ ಒಂದು ತೊಡಕು ಬಂತು. ನನ್ನ ತಮ್ಮ ನನಗೆ ಯಾರು? ದುಶ್ಶಾಸನನೋ, ಪಾಂಡವನೋ? ಒಂಬತ್ತು ವರ್ಷ ಅವನನ್ನು ಪಾಂಡವರ ಸಾಲಿನಲ್ಲಿ ನಿಲ್ಲಿಸಿದ್ದೆ. ಆದರೆ ಒಂದೇ ತಟ್ಟೆಯಲ್ಲಿ ನನ್ನ ಆಮೇಲೆ ಉಂಡವನು, ನನ್ನ ಹಳೆ ಅಂಗಿ ಹಾಕಿಕೊಂಡು ಶಾಲೆಗೆ ಹೋದವನು ಅವನೇ. ಕಾವ್ಯದಲ್ಲಿ ಎರಡೂ ಬೇರೆ ಬೇರೆ ಜನ. ನಮ್ಮ ಮನೆಗಳಲ್ಲಿ ಹಾಗಿರುವುದಿಲ್ಲ. ಜಗಳ ಆಡುವುದು ಯಾರ ಜೊತೆಯೋ ಅವನ ಹೆಣದ ಮುಂದೆಯೇ ಈ ಪದ್ಯ ಹೇಳಬೇಕಾಗುತ್ತದೆ.

ರನ್ನ ತನ್ನ ಕೃತಿಯ ಬಗ್ಗೆ ಒಂದು ಸವಾಲು ಹಾಕಿದ್ದಾನೆ. ಆದಿಶೇಷನ ಹೆಡೆಯ ರತ್ನವನ್ನೂ ರನ್ನನ ಕೃತಿರತ್ನವನ್ನೂ ಪರೀಕ್ಷೆ ಮಾಡುತ್ತೇನೆ ಅನ್ನುವವನಿಗೆ ಎಂಟು ಎದೆ ಇದೆಯೇ ಅಂತ. ಚಿಕ್ಕವರಿದ್ದಾಗ ಅದನ್ನು ಕವಿಯ ಜಂಬ ಅಂದುಕೊಂಡಿದ್ದೆವು. ಈಗ ಆ ಪ್ರಶ್ನೆ ಓದುವವನಿಗೇ ನೇರವಾಗಿ ಕೇಳಿದ್ದು ಅನ್ನಿಸುತ್ತದೆ. ಹೆಡೆಗೆ ಕೈ ಹಾಕಿದರೆ ಹಾವು ಕಚ್ಚುತ್ತದೆ. ಈ ಪದ್ಯಗಳಿಗೆ ಕೈ ಹಾಕಿದರೂ ಅಷ್ಟೇ.

ಮಗಳಿಗೆ ಮರುದಿನ ಬೆಳಗ್ಗೆ ಉತ್ತರ ಹೇಳಿದೆ. "ನೆಲ ಕೊಲ್ಲಿಸಂಗಿಲ್ಲವ್ವ. ಅಂವ ಹಂಗ ಅಂತಾನ." ಅವಳು ಸ್ವಲ್ಪ ಹೊತ್ತು ನೋಡಿ, "ಹಂಗಾದ್ರ ಇದನ್ನ ಪೇಪರಿನ್ಯಾಗ ಬರೀಬಹುದೇನು?" ಅಂತ ಕೇಳಿದಳು. ಬರಿ ಅಂದೆ. ಬರೆದಳೋ ಇಲ್ಲವೋ ಕೇಳಲಿಲ್ಲ.

ಬೇಸಿಗೆಯಲ್ಲಿ ಹಿನ್ನೀರು ಕೆಳಗಿಳಿದಾಗ ನಮ್ಮ ಹೊಲ ಹೊರಗೆ ಬರುತ್ತದೆ. ಪೂರ್ತಿ ಅಲ್ಲ. ಬಾವಿಯ ಕಲ್ಲಿನ ಅಂಚು, ಬೇವಿನಮರದ ಕರಿ ಬೊಡ್ಡೆ, ಬದುವಿನ ಒಂದು ಗೆರೆ. ಮಣ್ಣು ಬಿರಿದು ಹಂಚಿನ ಹಾಗೆ ಎದ್ದಿರುತ್ತದೆ. ನಾನು ವರ್ಷಕ್ಕೊಮ್ಮೆ ಹೋಗಿ ಆ ಅಂಚಿನ ಮೇಲೆ ಕೂತು ಬರುತ್ತೇನೆ. ಮನೆಯಲ್ಲಿ ಹೇಳುವುದಿಲ್ಲ. ಈ ಮೇ ತಿಂಗಳಲ್ಲಿ ಹೋದಾಗ ಗದಾಯುದ್ಧ ಚೀಲದಲ್ಲಿತ್ತು. ಸರೋವರದ ಭಾಗ ಇನ್ನೂ ಓದಿರಲಿಲ್ಲ, ಅಲ್ಲಿ ಕೂತು ಓದಬೇಕು ಅಂದುಕೊಂಡಿದ್ದೆ.

ಬಾವಿಯ ಹತ್ತಿರ ಹಸಿ ಮಣ್ಣಿನಲ್ಲಿ ಬೈಕಿನ ಗಾಲಿಯ ಗುರುತಿತ್ತು. ಅದರ ಪಕ್ಕ ಚಪ್ಪಲಿ ಬಿಟ್ಟು ನಡೆದ ಬರಿಗಾಲಿನ ಹೆಜ್ಜೆ. ಬಲಗಾಲು ಸ್ವಲ್ಪ ಹೊರಗೆ ತಿರುಗಿತ್ತು. ಸಣ್ಣವನಿದ್ದಾಗ ಇದೇ ಬೇವಿನಮರದಿಂದ ಬಿದ್ದು ಮೂಳೆ ಮುರಿದು, ಸರಿಯಾಗಿ ಕೂಡದೆ ಹಾಗೇ ಉಳಿದ ಕಾಲು ಅದು. ಅವನನ್ನು ಅವತ್ತು ಹೆಗಲ ಮೇಲೆ ಹೊತ್ತು ಮನೆಗೆ ತಂದವನು ನಾನು. ಹೆಜ್ಜೆಗಳು ಬಾವಿಯ ಅಂಚಿನವರೆಗೆ ಹೋಗಿದ್ದವು. ನಾನು ಕೂರುವ ಕಲ್ಲಿನ ಎದುರಿನ ಕಲ್ಲಿನ ಮೇಲೆ ಧೂಳು ಒರೆಸಿದ ಜಾಗ ಇತ್ತು.

ಪುಸ್ತಕ ಚೀಲದಿಂದ ತೆಗೆಯಲಿಲ್ಲ. ಫೋನ್ ತೆಗೆದೆ. ನಂಬರು ಅಳಿಸಿರಲಿಲ್ಲ.